ಗಿಡ್ಡರ ಆಯುಷ್ಯ

ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಓದಲು ಸೇರಿದಾಗ ನನಗೆ ಪ್ರಬಂಧದ ವಿಷಯ ಆರಿಸಿಕೊಳ್ಳುವ ಅವಕಾಶ ಸಿಗಲಿಲ್ಲ. ನಮ್ಮ ಗೈಡ್ ಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನಾನು ಗಿಡ್ಡ, ಅವರೂ ಗಿಡ್ಡ. "ನಿನಗಂತನ ಒಂದು ವಿಷಯ ಇಟ್ಟೀನಿ" ಅಂದರು. ಗಿಡ್ಡಗಿದ್ದವರು ಹೆಚ್ಚು ವರ್ಷ ಬದುಕುತ್ತಾರೆಯೇ ಎಂಬುದೇ ಆ ವಿಷಯ. ಪ್ರಬಂಧದ ರೂಪುರೇಷೆ ವಿಶ್ವವಿದ್ಯಾಲಯಕ್ಕೆ ಹೋಯಿತು, ಮಂಜೂರಾಯಿತು. ಇನ್ನು ಬದಲಿಸುವಂತಿರಲಿಲ್ಲ.

ನಾನು ಯಾದಗಿರಿಯವಳು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಆ ದಿನಗಳಲ್ಲಿ ಮನೆಗೆ ಬಂದ ವರನ ಕಡೆಯವರು ನನ್ನ ಓದಿನ ಬಗ್ಗೆ ಒಂದು ಮಾತು ಕೇಳಿದರೆ ಎತ್ತರದ ಬಗ್ಗೆ ನಾಲ್ಕು ಕೇಳುತ್ತಿದ್ದರು. ಒಬ್ಬಾಕೆಯಂತೂ ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೋಡಿದಳು. ಅವರು ಹೋದ ಮೇಲೆ ಅವ್ವ, "ಗಿಡ್ಡಗಿದ್ದರ ಏನಾತು, ಗಟ್ಟಿ ಇದ್ದಿ" ಎಂದು ಸಮಾಧಾನ ಹೇಳುವಳು. ಆದ್ದರಿಂದ ಸರ್ ಕೊಟ್ಟ ವಿಷಯ ನಿಜವಾಗಲಿ ಎಂಬ ಆಸೆ ನನಗೂ ಒಳಗೊಳಗೆ ಇತ್ತು.

ಸುರಪುರದ ಹತ್ತಿರ ಕಾಲೇಜಿನ ಗ್ರಾಮೀಣ ತರಬೇತಿ ಕೇಂದ್ರವಿತ್ತು. ಅದರ ಹಿಂದಿನ ಖೋಲಿಯೇ ನನ್ನ ವಸತಿ. ಕಿಟಕಿ ಒಂದೇ, ಅದೂ ಕಾಲುವೆಯ ಕಡೆಗೆ. ನೀರು ಬಿಟ್ಟಾಗ ಸೊಳ್ಳೆ, ನಿಲ್ಲಿಸಿದಾಗ ಕೆಸರಿನ ನಾತ. ಕಿಟಕಿ ತೆಗೆದರೂ ಕಷ್ಟ, ಮುಚ್ಚಿದರೂ ಕಷ್ಟ. ಮುಂಜಾನೆ ಆಶಾ ಕಾರ್ಯಕರ್ತೆಯ ಜೊತೆ ಹೊರಟು ರಂಗಂಪೇಟೆಯಲ್ಲೋ ಕಾಲುವೆ ಕೆಳಗಿನ ಹಳ್ಳಿಗಳಲ್ಲೋ ವಯಸ್ಸಾದವರನ್ನು ಹುಡುಕಿ ಅಳೆಯುವುದು ನನ್ನ ಕೆಲಸ. ಆಶಾ ಅಕ್ಕ ನನಗಿಂತ ದೊಡ್ಡವಳು. ಯಾರ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ, ಯಾರು ಹೊಲಕ್ಕೆ ಹೋಗುತ್ತಾರೆ ಎಲ್ಲ ಅವಳಿಗೆ ಗೊತ್ತು.

ಮೊದಲ ತೊಡಕು ವಯಸ್ಸಿನದು. ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ, ನಿಜಾಮನ ಆಳ್ವಿಕೆ ಮುಗಿದ ಕಾಲವನ್ನು ಹಿಡಿದು ಕೇಳುತ್ತಿದ್ದೆ. "ರಜಾಕಾರರ ಗದ್ದಲದಾಗ ನಿಮಗ ಎಷ್ಟ ವಯಸ್ಸಿತ್ರಿ, ಮುತ್ಯಾ?" ಎಂದರೆ, "ದನಾ ಕಾಯತಿದ್ದೆ" ಎನ್ನುವರು. ಕೆನಾಲ್ ಬಂದಾಗ ಮೊಮ್ಮಕ್ಕಳಿದ್ದರೇ ಎಂದು ಕೇಳಿ ಅಂದಾಜು ಕಟ್ಟುತ್ತಿದ್ದೆ. ಎರಡನೆಯ ತೊಡಕು ಬೆನ್ನಿನದು. ವಯಸ್ಸಾದಂತೆ ಬೆನ್ನುಮೂಳೆಯ ನಡುವಿನ ಮೆತ್ತೆ ಸವೆಯುತ್ತದೆ, ಬೆನ್ನು ಬಾಗುತ್ತದೆ. ಮನುಷ್ಯ ತನ್ನ ಎತ್ತರವನ್ನೇ ಕಳೆದುಕೊಳ್ಳುತ್ತಾನೆ. ಗಿಡ್ಡಗಿದ್ದದ್ದಕ್ಕೆ ಮುದುಕರಾದರೋ, ಮುದುಕರಾದದ್ದಕ್ಕೆ ಗಿಡ್ಡಾದರೋ? ಅದಕ್ಕೇ ನಾನು ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆಯತೊಡಗಿದೆ. ಹೀಗೆ ಚಾಚಿದ ಕೈಗಳ ಉದ್ದ ಹರೆಯದ ಎತ್ತರಕ್ಕೆ ಹತ್ತಿರ ಇರುತ್ತದೆ, ಬೆನ್ನಿನಷ್ಟು ಕುಗ್ಗುವುದಿಲ್ಲ. ಭುಜ ಬಿಗಿದವರಿಗೆ ಮೊಳಕಾಲಿನ ಎತ್ತರ ಅಳೆಯುತ್ತಿದ್ದೆ.

ನಿಂತ ಎತ್ತರದ ಮೊದಲ ಅಳತೆಗಳನ್ನು ಕಂಡು ಸರ್ ಹಿಗ್ಗಿದರು. ಅರವತ್ತರ ಆಸುಪಾಸಿನವರಿಗಿಂತ ಎಂಬತ್ತು ದಾಟಿದವರು ಗಿಡ್ಡಗಿದ್ದರು.

"ಕಂಡಿಲ್ಲೋ? ಉದ್ದ ಇದ್ದವರು ಮೊದಲ ಹೋಗ್ಯಾರ, ಗಿಡ್ಡರು ಉಳದಾರ" ಅಂದರು.

"ಸರ್, ಎಂಬತ್ತು ದಾಟಿದವರೊಳಗ ಹೆಣ್ಮಕ್ಕಳ ಜಾಸ್ತಿ ಅದಾರ. ಹೆಣ್ಮಕ್ಕಳು ಗಂಡಸರಿಗಿಂತ ಗಿಡ್ಡ, ಆಯುಷ್ಯನೂ ಜಾಸ್ತಿ. ಬ್ಯಾರೆಬ್ಯಾರೆ ಮಾಡಿ ನೋಡಬೇಕು. ಮತ್ತ ಇವರು ಹುಟ್ಟಿದಾಗ ಹೊಟ್ಟಿಗೆ ಇರಲಿಲ್ಲ, ಆ ತಲೆಮಾರ ಪೂರಾ ಗಿಡ್ಡ ಇರಬಹುದು."

ಸರ್ ನಗುವುದನ್ನು ನಿಲ್ಲಿಸಿದರು. "ಮೊದಲ ಬರಿ. ಅನುಮಾನ ಆಮ್ಯಾಲ" ಅಂದರು.

ಅವರು ಕೆಟ್ಟವರಲ್ಲ. ಪಾಠ ಮಾಡುವಾಗ ಎರಡೂ ಕಡೆಯ ವಾದವನ್ನು ಅವರೇ ನನಗೆ ಚೆನ್ನಾಗಿ ಹೇಳಿಕೊಟ್ಟಿದ್ದರು. ಗಿಡ್ಡ ದೇಹದಲ್ಲಿ ಜೀವಕೋಶ ಕಡಿಮೆ, ಅದಕ್ಕೇ ಕ್ಯಾನ್ಸರಿನ ಸಾಧ್ಯತೆಯೂ ಅಷ್ಟು ಕಡಿಮೆ. ಬೆಳವಣಿಗೆಯ ಹಾರ್ಮೋನು ಕಡಿಮೆ ಕೆಲಸ ಮಾಡುವ ಇಲಿಗಳು ಹೆಚ್ಚು ಕಾಲ ಬದುಕುತ್ತವೆ. ಸಣ್ಣ ತಳಿಯ ನಾಯಿ ದೊಡ್ಡದಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ. ಆದರೆ ಎತ್ತರದವರಿಗೆ ಹೃದಯದ ಕಾಯಿಲೆ ಕಡಿಮೆ, ಶ್ವಾಸಕೋಶ ದೊಡ್ಡದು. ಒಂದು ದೇಶದಲ್ಲಿ ಗಿಡ್ಡರು ಗೆದ್ದರೆ ಇನ್ನೊಂದರಲ್ಲಿ ಎತ್ತರದವರು. ಇಷ್ಟೆಲ್ಲ ತಿಳಿದೂ ಅವರ ಮನಸ್ಸು ಒಂದೇ ಕಡೆ ವಾಲಿತ್ತು. ಒಮ್ಮೆ ಜೀಪಿನಲ್ಲಿ ಬರುವಾಗ, "ಸಾಲ್ಯಾಗ ನನ್ನ ಮೊದಲ ಬೆಂಚಿಗೆ ಕೂಡಸತಿದ್ರು, ಹಿಂದ ಕುಂತರ ಕಾಣೂದಿಲ್ಲ ಅಂತ. ದೇವರು ನಮಗ ಒಂದಾದರೂ ಹೆಚ್ಚಿಗಿ ಕೊಟ್ಟಿರಬೇಕಲ್ಲ" ಅಂದಿದ್ದರು.

ನಿಜವಾದ ತೊಡಕು ಸತ್ತವರದು. ನಾನು ಅಳೆಯುತ್ತಿದ್ದುದು ಉಳಿದವರನ್ನು ಮಾತ್ರ. ಉದ್ದದವರು ಮೊದಲೇ ಹೋದರೋ ಇಲ್ಲವೋ ತಿಳಿಯಬೇಕಾದರೆ ಹೋದವರ ಅಳತೆ ಬೇಕು. ಹಳೆಯ ಪೊಲೀಸರ ಭರ್ತಿಯ ಅಳತೆ ಸಿಕ್ಕೀತೇ ಎಂದು ಯೋಚಿಸಿದೆ. ಆದರೆ ಪೊಲೀಸ್ ಕೆಲಸಕ್ಕೆ ಆರಿಸುವಾಗಲೇ ಗಿಡ್ಡರನ್ನು ಬಿಟ್ಟಿರುತ್ತಾರೆ. ಕೊನೆಗೆ ಸತ್ತವರ ಮನೆಯವರನ್ನೇ ಕೇಳಿದೆ. ರಂಗಂಪೇಟೆಯ ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಳ್ಳುತ್ತ, "ನಮ್ಮಪ್ಪ ಅಂದ್ರ ಬಾಗಲಕ್ಕ ತಲಿ ಬಡೀತಿತ್ರೀ, ಅಷ್ಟ ಉದ್ದ" ಅಂದಳು. ಪಕ್ಕದ ಮನೆಯ ಮುದುಕಿ ನಕ್ಕುಬಿಟ್ಟಳು. "ಏ, ಆ ಬಾಗಲ ನನಗೂ ಬಡೀತಿತ್ತು ಬಿಡು. ಬಾಗಲನ ಸಣ್ಣದು." ಸತ್ತ ಅಪ್ಪಂದಿರೆಲ್ಲ ಮಕ್ಕಳ ನೆನಪಿನಲ್ಲಿ ಉದ್ದವಾಗುತ್ತಾರೆ. ಆ ದಾರಿಯೂ ಮುಚ್ಚಿತು.

ಹೀಗಿರುವಾಗ ಶಹಾಪುರದಲ್ಲಿ ಹಿರಿಯ ನಾಗರಿಕರ ಒಂದು ಕಾರ್ಯಕ್ರಮವಾಯಿತು. ಸರ್ ಅಲ್ಲಿ ಭಾಷಣ ಮಾಡಿದರು. ನಮ್ಮ ಭಾಗದ ಗಿಡ್ಡ ಜನ ದೀರ್ಘಾಯುಷಿಗಳು, ನಮ್ಮ ಅಧ್ಯಯನವೂ ಅದನ್ನೇ ಹೇಳುತ್ತಿದೆ ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅಧ್ಯಯನ ಮಾಡುತ್ತಿದ್ದವಳು ನಾನು, ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಎದ್ದು ಇಲ್ಲವೆನ್ನುವ ಧೈರ್ಯ ಯಾವ ವಿದ್ಯಾರ್ಥಿಗೆ ಇರುತ್ತದೆ?

ಕೆಲವು ದಿನಗಳ ಮೇಲೆ ಆಶಾ ಅಕ್ಕ ಖೋಲಿಯ ಬಾಗಿಲಿಗೆ ಬಂದು ನಿಂತಳು. ಮುಖ ಬಿಗಿದುಕೊಂಡಿತ್ತು.

"ಮೇಡಮ್ಮಾರ, ನೀವ ಬರಬೇಕ್ರಿ. ಒಂದ ಕೂಸಿನ ತೋಳ ಅಳದ್ರ ಪಟ್ಟಿ ಕೆಂಪ ತೋರಸಾಕತ್ತದ, ಬಾಳ ಸೊರಗ್ಯಾದ. ದವಾಖಾನಿಗೆ ಕರ್ಕೊಂಡ ಹೋಗತೀನಿ ಅಂದ್ರ ಆಯಿ ಬಿಡವಲ್ಲಳು. ಗಿಡ್ಡರು ಬಾಳ ವರ್ಷ ಬದಕತಾರಂತ ಶಹಾಪುರದಾಗ ದೊಡ್ಡ ಡಾಕ್ಟರ ಹೇಳ್ಯಾರಂತ."

ಆ ಮನೆ ಕಾಲುವೆ ಕೆಳಗಿನ ಹಳ್ಳಿಯಲ್ಲಿತ್ತು. ಸುತ್ತ ಭತ್ತದ ಗದ್ದೆ, ಕಣ್ಣು ಹಾಯಿಸಿದತ್ತ ಹಸಿರು. ಕೂಸಿಗೆ ಎರಡು ವರ್ಷ ದಾಟಿತ್ತು, ನೋಡಿದರೆ ಒಂದರ ಹಾಗೆ ಕಾಣುತ್ತಿತ್ತು. ತಾಯಿ ನಾಟಿ ಕೆಲಸಕ್ಕೆ ಹೋಗಿದ್ದಳು. ಕೂಸಿನ ಮುತ್ತಜ್ಜಿ ಆಯಿ ಕಟ್ಟೆಯ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳನ್ನು ನಾನು ಹಿಂದೆ ಅಳೆದಿದ್ದೆ. ಚೋಟುದ್ದ ಹೆಂಗಸು, ಎಂಬತ್ತರ ಹತ್ತಿರ, ಆದರೂ ನೀರಿನ ಕೊಡ ಹೊರುತ್ತಿದ್ದಳು.

"ನನ್ನ ನೋಡ್ರಿ" ಅಂದಳು. "ನಮ್ಮವ್ವ ಗಿಡ್ಡ, ನಾ ಗಿಡ್ಡ, ನಮ್ಮ ಮರಿಮೊಮ್ಮಗಳು ಗಿಡ್ಡ. ನನಗೇನಾಗ್ಯಾದ?"

"ಆಯಿ, ನಿಮ್ಮ ಗಿಡ್ಡತನ ಬ್ಯಾರೆ, ಈ ಕೂಸಿಂದು ಬ್ಯಾರೆ. ರಕ್ತದಾಗ ಬಂದದ್ದು ಒಂದು, ಹೊಟ್ಟಿಗಿಲ್ಲದ್ದಕ್ಕ ಬಂದದ್ದು ಇನ್ನೊಂದು."

"ಟೇಪಿಗಿ ಅದು ಹ್ಯಾಂಗ ಗೊತ್ತಾಗತದ?"

ಟೇಪಿಗೆ ಗೊತ್ತಾಗುವುದಿಲ್ಲ. ನನ್ನ ಪ್ರಬಂಧದ ಗೋಳೇ ಅದಾಗಿತ್ತು. ಬಾಲ್ಯದ ಹಸಿವಿನಿಂದ ಗಿಡ್ಡಾದವರೂ ವಂಶದಿಂದ ಗಿಡ್ಡಾದವರೂ ನನ್ನ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರು.

"ಹಂಗಾರ ಉದ್ದ ಇದ್ದವರು ಹೆಚ್ಚಿಗಿ ಬದಕತಾರೇನು?" ಆಯಿ ಬಿಡಲಿಲ್ಲ.

"ಅದೂ ಗೊತ್ತಿಲ್ಲ."

"ಗಿಡ್ಡರು?"

"ಗೊತ್ತಿಲ್ಲ, ಆಯಿ."

"ಗೊತ್ತಿಲ್ಲಂದ್ರ ಯಾಕ ಬಂದೀರಿ? ಅವರು ದೊಡ್ಡವರು, ಗೊತ್ತದ ಅಂತಾರ. ನೀವು ಸಣ್ಣವರು, ಗೊತ್ತಿಲ್ಲ ಅಂತೀರಿ. ನಾ ಯಾರ ಮಾತ ಕೇಳ್ಲಿ?"

ಸರ್ ಹೇಳಿದ್ದು ತಪ್ಪು ಎಂದರೆ ಕಾಲೇಜಿನಲ್ಲಿ ನನ್ನ ಗತಿ ಮುಗಿಯಿತು. ಸರಿ ಎಂದರೆ ಕೂಸಿನ ಗತಿ. ಗೊತ್ತಿಲ್ಲ ಎಂಬ ನಿಜವಂತೂ ಆ ಕಟ್ಟೆಯ ಮೇಲೆ ಕವಡೆ ಬೆಲೆ ಬಾಳಲಿಲ್ಲ. ಆಶಾ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆಯಿಯ ಪಕ್ಕ ಕುಳಿತೆ. ಕೂಸಿನ ತೋಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದೆ. ಬೆರಳು ಕೂಡಿದವು.

"ಆಯಿ, ನೀವೂ ಹಿಡದ ನೋಡ್ರಿ."

ಅವಳು ಹಿಡಿದಳು.

"ಎಂಬತ್ತು ವರ್ಷದ ಮಾತು ನನಗ ಗೊತ್ತಿಲ್ಲ. ಸರ್ ಹೇಳಿದ್ದು ಇನ್ನೂ ಖಾತ್ರಿ ಆಗಿಲ್ಲ, ಅವರು ಅವಸರ ಮಾಡ್ಯಾರ. ಆದರ ಇಷ್ಟ ತೆಳ್ಳನ ತೋಳಿನ ಕೂಸಿಗಿ ಜ್ವರ, ಭೇದಿ ಬಂದ್ರ ತಡಕೊಳ್ಳೂದಿಲ್ಲ. ಇದು ಖಾತ್ರಿ ಗೊತ್ತದ. ನಿಮ್ಮ ವಯಸ್ಸಿಗಿ ಇದು ಮುಟ್ಟಬೇಕಂದ್ರ ಮೊದಲ ಈ ವರ್ಷ ದಾಟಬೇಕು."

ಆಯಿ ಕೂಸಿನ ತೋಳು ಬಿಟ್ಟು ಅದರ ಅಂಗಿ ಸರಿಮಾಡಿದಳು. ಆಮೇಲೆ ತಾನು ಹೆತ್ತು ಕಳಕೊಂಡ ಮಕ್ಕಳ ಬಗ್ಗೆ ಹೇಳಿದಳು. ಆ ಕೂಸುಗಳೂ ಗಿಡ್ಡವೇ ಇದ್ದವಂತೆ. ಅವುಗಳನ್ನು ಯಾರೂ ಅಳೆದಿರಲಿಲ್ಲ, ನನ್ನ ಅಧ್ಯಯನಕ್ಕೆ ಅವು ಬರುವಂತೆಯೂ ಇರಲಿಲ್ಲ. ಉಳಿದ ಗಿಡ್ಡರನ್ನು ಮಾತ್ರ ಕಂಡು ಗಿಡ್ಡರು ಗಟ್ಟಿ ಎನ್ನುತ್ತಿದ್ದೆವು.

"ಮೊಮ್ಮಗನ ಹೆಂಡ್ತಿ ನಾಟಿ ಬಿಟ್ಟ ಬರೂದಿಲ್ಲ. ನಾನ ಬರತೀನಿ ನಡೀರಿ" ಅಂದಳು ಆಯಿ.

ತಾಲೂಕು ಆಸ್ಪತ್ರೆಯ ಪೌಷ್ಟಿಕ ಕೇಂದ್ರದಲ್ಲಿ ಅವಳು ಕೂಸಿನ ಜೊತೆ ಎರಡು ವಾರ ಇದ್ದಳು. ಕೂಸು ತೂಕ ಹೆಚ್ಚಿಸಿಕೊಂಡು ಮನೆಗೆ ಹೋಯಿತು. ಆ ವರ್ಷ ನನ್ನ ಕಣ್ಣಿಗೆ ಬಿದ್ದ ಒಳ್ಳೆಯದು ಅದೊಂದೇ.

ನಾನು ಅವಸರ ಎಂದ ಮಾತು ಹೇಗೋ ಸರ್ ಕಿವಿಗೆ ಬಿತ್ತು. ಅವರು ಕೂಗಾಡಲಿಲ್ಲ. "ನಿನ್ನ ಪ್ರಬಂಧ ಇನ್ನೂ ತಯಾರಾಗಿಲ್ಲ" ಎಂದಷ್ಟೇ ಹೇಳಿ ವಾಪಸು ಕೊಟ್ಟರು. ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ, ವಯಸ್ಸಿನ ಗುಂಪು ಮಾಡಿ, ನಿಂತ ಎತ್ತರದ ಬದಲು ಚಾಚಿದ ಕೈಗಳ ಅಳತೆ ಹಿಡಿದಾಗ ಗಿಡ್ಡರ ಗೆಲುವು ಕರಗಿಹೋಗಿತ್ತು. ಎತ್ತರದವರು ಗೆದ್ದರೆಂದೂ ಹೇಳುವಂತಿರಲಿಲ್ಲ. ಜೊತೆಯವರೆಲ್ಲ ಪರೀಕ್ಷೆ ಮುಗಿಸಿ ಹೋದರು. ನಾನು ಅದೇ ಖೋಲಿಯಲ್ಲಿ ಉಳಿದೆ, ಅದೇ ಅಧ್ಯಾಯ ತಿದ್ದುತ್ತ. ಸರ್ ಒಂದು ವಾಕ್ಯ ಸೇರಿಸು ಅನ್ನುವರು, ನಾನು ಅದಕ್ಕೆ "ಇರಬಹುದು" ಅಂಟಿಸುವೆ, ಅವರು ಹೊಡೆದುಹಾಕುವರು. ಮನೆಯಿಂದ ಅವ್ವನ ಫೋನು: "ಇನ್ನೂ ಎಷ್ಟ ದಿನವ್ವಾ?" ಹೊರಗೆ ಬಸ್ಸುಗಳು ಯಾದಗಿರಿಗೆ ಹೋಗುತ್ತಿದ್ದವು. ಪ್ರಬಂಧಕ್ಕೆ ಸರ್ ಸಹಿ ಆಗದೆ ನಾನು ಹೋಗುವಂತಿರಲಿಲ್ಲ, ಹೋದರೂ ಏನಾಗಿ ಹೋಗಬೇಕು?

ಆರು ತಿಂಗಳು ಕಳೆದ ಮೇಲೆ ಒಂದು ದಿನ ಸರ್ ಕರೆಸಿ, ಓದದೆಯೇ ಸಹಿ ಮಾಡಿದರು. "ನೀ ಬರದದ್ದು ಸರಿ ಇರಬಹುದು" ಅಂದರು. ಆ "ಇರಬಹುದು" ಅನ್ನು ಅವರು ಬೇಕೆಂದೇ ಒತ್ತಿ ಹೇಳಿದರೋ ಏನೋ. ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಹಾಗಾದರೆ ಈ ಅಧ್ಯಯನದಿಂದ ಏನು ಗೊತ್ತಾಯಿತಮ್ಮ?"

"ಬದುಕಿದ್ದವರನ್ನಷ್ಟೇ ಅಳೆದು ಇದನ್ನು ತಿಳಿಯಲಾಗದು ಎಂಬುದು, ಸರ್. ಮಕ್ಕಳಾಗಿದ್ದಾಗಲೇ ಅಳೆದು, ಅವರು ಸಾಯುವವರೆಗೆ ಹಿಂಬಾಲಿಸಬೇಕು."

"ಅಷ್ಟು ವರ್ಷ ಯಾರು ಹಿಂಬಾಲಿಸುತ್ತಾರೆ?"

ಅವರು ನಕ್ಕರು, ಪಾಸು ಮಾಡಿದರು. ನನ್ನ ಗೈಡ್ ಸರ್ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನನಗೆ ಖುಷಿಯಾಗಲಿಲ್ಲ. ಅವರಿಂದ ಏನನ್ನೋ ಕಿತ್ತುಕೊಂಡಂತೆ ಅನಿಸಿತು, ನನ್ನಿಂದಲೂ.

ಸರಕಾರದ ಕಡ್ಡಾಯ ಸೇವೆಗೆ ನನಗೆ ಬಂದ ಜಾಗ ಮತ್ತೆ ಸುರಪುರ ತಾಲೂಕೇ. ಗಂಟು ಕಟ್ಟಿಕೊಂಡು ಹೊರಟಾಗ ಅವ್ವ ಬಾಗಿಲಲ್ಲಿ ನಿಂತು, "ಅಲ್ಲಿಂದ ನಿನಗ ಬಿಡುಗಡಿನ ಇಲ್ಲೇನು?" ಅಂದಳು. ನಾನು ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದು ಕುಳಿತೆ. ಆ ಕೂಸಿಗೆ ಈಗ ಮೂರು ದಾಟಿರಬೇಕು, ಹೋಗಿ ಮೊದಲು ಅದನ್ನು ಅಳೆಯಬೇಕು ಅಂದುಕೊಂಡೆ.