ಏಳನೇ ಮನೆ ಓದದ ಅಕ್ಕ

ನನಗೆ ಜಾತಕದಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ನನ್ನ ಹೊಲಿಗೆ ಮೆಷಿನ್ನಿಗೂ ಜಾತಕದಕ್ಕನ ಮೇಜಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಬಾಡಿಗೆ ಹಂಚಿಕೊಂಡ ಕೋಣೆ. ಬಂದವರ ಗೋಳೆಲ್ಲ ಬೇಡವೆಂದರೂ ನನ್ನ ಕಿವಿಗೆ ಬೀಳುತ್ತಿತ್ತು.

ಅಕ್ಕ ಮೊದಲು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್. ಈಗ ಒಂಟಿ. ಅಂಗಡಿ ತೆರೆಯಲು, ಮಗುವಿನ ಓದಿಗೆ, ಹೊಸ ಕೆಲಸಕ್ಕೆ ದಿನ ನೋಡಿಕೊಡುತ್ತಿದ್ದಳು. ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನಾ, ಹೆಂಡತಿ ಬಿಟ್ಟುಹೋಗುತ್ತಾಳಾ ಎಂದು ಕೇಳಿದರೆ ಮಾತ್ರ ಪಂಚಾಂಗ ಮುಚ್ಚಿಬಿಡುತ್ತಿದ್ದಳು. ಹೀಗಾದರೆ ಹೊಟ್ಟೆಪಾಡಿನ ಗತಿಯೇನು ಎಂದು ನಾನು ರೇಗುತ್ತಿದ್ದೆ. ಅವಳು ನಗುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸೊಬ್ಬಳು ಬಂದಳು. ಗಂಡ ಲಾರಿ ಡ್ರೈವರ್. ಬೇರೆ ಜೋಯಿಸರೊಬ್ಬರು ಅವನ ಜಾತಕ ನೋಡಿ, ದಾಂಪತ್ಯದ ಏಳನೇ ಮನೆಯಲ್ಲಿ ರಾಹು, ಶುಕ್ರ ಕುಜ ಜೊತೆಯಲ್ಲಿ, ಎರಡನೆಯವಳು ಇದ್ದೇ ಇರುತ್ತಾಳೆ ಅಂದಿದ್ದರಂತೆ. ಅಂದಿನಿಂದ ಅವಳು ಗಂಡನೊಡನೆ ಮಾತು ಬಿಟ್ಟಿದ್ದಳು. ಕೈಚೀಲದಲ್ಲಿ ವಕೀಲರ ವಿಳಾಸವಿತ್ತು.

"ನೀವೂ ಹೌದು ಅಂದ್ರೆ ಇಲ್ಲಿಂದ ನೇರ ಅಲ್ಲಿಗೇ ಹೋಗ್ತೀನಮ್ಮ."

"ಅವರು ಹುಟ್ಟಿದ ಹೊತ್ತು ಯಾರು ಹೇಳಿದ್ದು?"

"ಅತ್ತೆ. ಬೆಳಗಿನ ಜಾವ ಐದೋ ಆರೋ ಅಂದ್ರು."

ಅಕ್ಕ ಎರಡು ಹಾಳೆ ತೆಗೆದುಕೊಂಡಳು. ಐದಕ್ಕೊಂದು, ಆರಕ್ಕೊಂದು ಕುಂಡಲಿ ಬರೆದಳು. ನಾನು ಪೆಡಲ್ ನಿಲ್ಲಿಸಿ ಪರದೆ ಸರಿಸಿದೆ. ನಾಚಿಕೆ ಬಿಟ್ಟವಳು ನಾನು.

"ಲಗ್ನ ಅಂದ್ರೆ ಹುಟ್ಟೋ ಹೊತ್ತಿಗೆ ಮೂಡ್ತಿದ್ದ ರಾಶಿ, ಅದು ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ಬದಲಾಗತ್ತೆ. ಮನೆ ಎಣಿಸೋದು ಲಗ್ನದಿಂದ. ಇವರದ್ದು ಈ ಎರಡು ಹೊತ್ತಿನ ಮಧ್ಯೆ ಬದಲಾಗಿದೆ. ನೋಡು, ಐದಕ್ಕೆ ರಾಹು ಏಳರಲ್ಲಿ. ಆರಕ್ಕೆ ಅದೇ ರಾಹು ಆರರಲ್ಲಿ, ಅದನ್ನ ಒಳ್ಳೇದು ಅಂತಾರೆ. ಏಳರ ಒಡೆಯನೂ ಬೇರೆ. ರಾಶಿಯನ್ನ ಒಂಬತ್ತು ಪಾಲು ಮಾಡೋ ನವಾಂಶ ಅಂತೂ ಕಾಲು ಗಂಟೆಯೊಳಗೇ ಬದಲಾಗತ್ತೆ. ಐದು ಗಂಟೆ ಗಂಡ ಮೋಸಗಾರ, ಆರು ಗಂಟೆ ಗಂಡ ಒಳ್ಳೆಯವನು. ಯಾರ ಮೇಲೆ ದೂರು ಕೊಡ್ತೀಯ?"

"ಹೊತ್ತು ಸರಿ ಇದ್ದಿದ್ರೆ?"

"ಆಗಲೂ ಹೇಳಲ್ಲ. ಇರೋದು ಹನ್ನೆರಡು ಮನೆ. ರಾಹು ಎಲ್ಲಾದರೂ ಕೂರಲೇಬೇಕಲ್ಲ? ಸುಮಾರು ಹನ್ನೆರಡು ಜನಕ್ಕೆ ಒಬ್ಬರಿಗೆ ಏಳರಲ್ಲಿ ಕೂತಿರ್ತಾನೆ. ಶುಕ್ರ ಕುಜ ಒಟ್ಟಿಗಿದ್ದ ವಾರಗಳಲ್ಲಿ ಹುಟ್ಟಿದೋರಿಗೆಲ್ಲ ಆ ಜೋಡಿ ಇದೆ. ಅವರೆಲ್ಲ ಸಂಸಾರ ಬಿಟ್ಟು ಓಡಿಹೋದ್ರಾ? ಇನ್ನೊಂದು, ಈ ಮಾತು ಸುಳ್ಳು ಅಂತ ಯಾವತ್ತೂ ಗೊತ್ತಾಗಲ್ಲ. ಇವತ್ತು ಇಲ್ಲ ಅಂದ್ರೆ ನಾಳೆ ಅಂತಾರೆ. ಮನೆಗೆ ತಡವಾಗಿ ಬಂದ್ರೆ ಸಾಕ್ಷಿ, ಬೇಗ ಬಂದ್ರೆ ನಾಟಕ. ಎದುರಿಗಿಲ್ಲದ ಮನುಷ್ಯನಿಗೆ ಜವಾಬು ಹೇಳೋ ಅವಕಾಶವೇ ಇಲ್ಲ."

"ಅವರು ತಡವಾಗೇ ಬರ್ತಿದಾರೆ."

"ಯಾವಾಗಿಂದ?"

ಹೆಂಗಸು ಬೆರಳು ಮಡಿಸಿ ದಿನ ಎಣಿಸಿದಳು. "ನಾನು ಮಾತು ಬಿಟ್ಟ ಮೇಲೆ," ಅಂದಳು.

"ನೀನು ಕಣ್ಣಾರೆ ಕಂಡದ್ದು ಏನಾದ್ರೂ ಇದೆಯಾ? ಹೊಡೀತಾರಾ?"

"ಇಲ್ಲಮ್ಮ. ಜೋಯಿಸರು ಹೇಳಿದ್ದೇ."

ಆಗ ಅಕ್ಕ ತನ್ನ ಕುಂಡಲಿಯನ್ನೂ ಮೇಜಿನ ಮೇಲಿಟ್ಟಳು. ಏಳರಲ್ಲಿ ಶುಕ್ರ, ಕುಜ. "ಇದನ್ನ ನೋಡಿ ಯಾರೋ ನನ್ನ ಗಂಡನಿಗೆ, ಇವಳ ಮೇಲೆ ಕಣ್ಣಿಡು ಅಂದ್ರು. ನನ್ನ ಕೆಲಸವೇ ದಿನವಿಡೀ ಅಪರಿಚಿತರ ಜೊತೆ ಮಾತಾಡೋದು. ಗಂಡ ಬೂತಿನಿಂದ ಫೋನ್ ಮಾಡಿ ನನ್ನ ದನಿ ಕೇಳ್ತಿದ್ರು. ಯಾರಿಗೆ ನಮಸ್ಕಾರ ಅಂದೆ, ಯಾಕೆ ಅಷ್ಟು ಮೆತ್ತಗೆ ಅಂದೆ ಅಂತ ಜಗಳ ತೆಗೀತಿದ್ರು. ಕೊನೆಗೆ ಬಿಟ್ಟುಹೋದ್ರು. ನಾನು ಯಾರನ್ನೂ ಕಣ್ಣೆತ್ತಿ ನೋಡಿರಲಿಲ್ಲ. ಜನ ಇವತ್ತಿಗೂ, ನೋಡಿ ಜಾತಕ ನಿಜವಾಯ್ತು ಅಂತಾರೆ."

ಇಷ್ಟು ವರ್ಷ ಪರದೆಯಾಚೆ ಕೂತವಳ ಬಗ್ಗೆ ನನಗೆ ಇದೊಂದು ಗೊತ್ತಿರಲಿಲ್ಲ. ತನ್ನಲ್ಲಿ ಏನು ದೋಷವಿದೆ ಎಂದು ಹುಡುಕಲೇ ಅವಳು ಈ ವಿದ್ಯೆ ಕಲಿತಿದ್ದಳಂತೆ. ಆ ಜೋಡಿಯೇ ಎಷ್ಟೋ ನೆಮ್ಮದಿಯ ದಂಪತಿಗಳ ಜಾತಕದಲ್ಲೂ ಸಿಕ್ಕಿತ್ತು.

"ಹಾಗಾದ್ರೆ ಅವರಿಗೆ ಯಾರೂ ಇಲ್ವಾ?" ಎಂದಳು ಹೆಂಗಸು.

"ಅದೂ ನನಗೆ ಗೊತ್ತಿಲ್ಲ. ಇಲ್ಲ ಅಂತ ಹೇಳಿದ್ರೂ ಅದು ಸುಳ್ಳು ವಿದ್ಯೆಯೇ. ಗೊತ್ತಿರೋದು ಅವರೊಬ್ಬರಿಗೆ. ಅವರನ್ನೇ ಕೇಳು."

ಹೆಂಗಸು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಫೋನ್ ಹಚ್ಚಿದ ಸದ್ದು ಕೇಳಿಸಿತು. ಆಮೇಲೆ ಒಂದೇ ಮಾತು.

"ಊಟ ಆಯ್ತಾ?"

ಅಕ್ಕ ಹಾಳೆಗಳನ್ನು ಜೋಡಿಸುತ್ತಿದ್ದವಳು ಹಾಗೆಯೇ ನಿಂತಳು. ಮುಖ ಗೋಡೆಯ ಕಡೆಗಿತ್ತು. "ನನ್ನನ್ನ ಯಾರಾದ್ರೂ ಹಾಗೆ ಕೇಳಿ ಎಷ್ಟು ಕಾಲವಾಯ್ತೋ," ಅಂದಳು, ನನಗಲ್ಲ, ತನಗೇ ಹೇಳಿಕೊಂಡಂತೆ.

ನಾನಾದರೂ ಕೇಳಬಹುದಿತ್ತು. ಕೇಳದೆ ಮೆಷಿನ್ ತುಳಿದೆ.