ಶುಕ್ರವಾರ ತಡದ ರೊಕ್ಕ

ಬೈಲಹೊಂಗಲದಾಗ ಹೊಲಿಗಿ ಮಷಿನ್ ಮಾರೂ ಅಂಗಡಿಯೊಳಗ ನಾನು ಕಂಪ್ಯೂಟರ್ ಮುಂದ ಕುಂತು ಆರ್ಡರ್ ನೋಡಾಕಿ. ಗಿರಾಕಿಗೋಳ ಪತ್ರಕ್ಕ ಉತ್ತರಾ ಬರಿಯೂದೂ ನನ್ನ ಪಾಲಿಗೇ. ಅದರಾಗಿನ ಒಂದು ಉತ್ತರದ ಕತಿ ನೆನಪಾದ್ರ ಈಗೂ ಮೈ ಉರೀತೈತಿ.

ರಾಮದುರ್ಗದ ಒಬ್ಬ ಹೆಣ್ಮಗಳು ಮೋಟರ್ ಮಷಿನ್ ಆರ್ಡರ್ ಮಾಡಿದ್ಲು. ನಾವು ಕಳಿಸಿದ ಲಿಂಕ್ ಒತ್ತಿ ರೊಕ್ಕ ಹಾಕಿದಾಗ ಫೋನ್ ಮ್ಯಾಲಿನ ಚಕ್ರ ತಿರುಗಿ ತಿರುಗಿ ನಿಂತತಂತ. ಆಗಿಲ್ಲ ಅಂತ ತಿಳದು ಮತ್ತೊಮ್ಮಿ ಹಾಕ್ಯಾಳ. ಎರಡೂ ಕಟ್ಟಾಗ್ಯಾವ, ಮಷಿನ್ ಮಾತ್ರ ಹೋಗಿಲ್ಲ. ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯೂ ಕೆಲಸ ಆಕಿಗೆ ಒಪ್ಪಿಸಿದವರು, ಮೋಟರ್ ಮಷಿನ್ ಬಂದ್ರಷ್ಟ ಹೊಲಿಯಾಕ ಅರಿವಿ-ಬಟ್ಟಿ ಕೊಡತೇವಿ ಅಂದಿದ್ರಂತ. ಇದೆಲ್ಲಾ ಬರದು, ಬ್ಯಾಂಕಿನ ಹಾಳಿನೂ ಜೋಡಿಸಿ ಮೇಲ್ ಮಾಡಿದ್ಲು.

ನಿಮ್ಮ ಬ್ಯಾಂಕಿನವರನ್ನ ಕೇಳ್ರಿ ಅಂತ ಬರದು ಕೈ ತೊಳಕೊ ಅಂದ್ರು ನಮ್ಮ ಸಾವಕಾರರು. ನಾ ನಮ್ಮ ಲಿಂಕಿನ ಖಾತೆ ತಗದು ತೋರಿಸಿದೆ. ಎರಡೂ ನಮಗ ಜಮಾ ಆಗಿದ್ವು. ಹೊಳ್ಳಿ ಕಳಸಬೇಕಾದವರು ನಾವ, ಬ್ಯಾಂಕ್ ಅಲ್ಲ. ಮಷಿನ್ ಯಾಕ ನಿಂತೈತಿ ಅಂತ ಗೋಡೌನಿನವರನ್ನ ಕೇಳಿದ್ರ, ಲೆಕ್ಕ ಹೊಂದೂತನಕಾ ಮಾಲು ಬಿಡಬ್ಯಾಡ್ರಿ ಅಂತ ಸಾವಕಾರರ ಹೇಳಿದ್ರಂತ. ರೊಕ್ಕ ಹೆಚ್ಚಿಗಿ ಬಂದದ್ದಕ್ಕ ಮಾಲು ತಡಿಯೂದು ಯಾವ ಊರ ನ್ಯಾಯ?

ಈಗರ ಹೆಚ್ಚಿನ ರೊಕ್ಕ ಹೊಳ್ಳಿ ಕಳಸ್ರಿ ಅಂತ ಸಾವಕಾರರಿಗೆ ಅಂದೆ. ಅವರು ಗಲ್ಲಾಪೆಟ್ಟಿಗಿಗೆ ಹೂ ಏರಸಾಕ ಹತ್ತಿದ್ರು. ಮಂಗಳವಾರ, ಶುಕ್ರವಾರ ನಮ್ಮ ಅಂಗಡಿಯಿಂದ ರೊಕ್ಕ ಹೊರಗ ಹೋಗೂದಿಲ್ಲ, ಕಂಪ್ಯೂಟರಿನ್ಯಾಗಿನ ರೊಕ್ಕಕ್ಕೂ ಅದ ಪದ್ಧತಿ.

"ಇವತ್ತ ಶುಕ್ರವಾರವ್ವಾ. ಲಕ್ಷ್ಮೀನ ಹೊರಗ ಹಾಕಬಾರದು. ನಾಳೆ ನೋಡೂಣು."

ನನ್ನ ಸಿಟ್ಟು ನೆತ್ತಿಗೇರಿತು. "ಆಕಿ ಮನಿ ಲಕ್ಷ್ಮೀನ ಎರಡ ಸಲ ಒಳಗ ಕರಕೊಂಡ್ರಲ್ರೀ, ಆವಾಗ ಯಾವ ವಾರ ನೋಡಿದ್ರಿ?"

ಮಾರಿ ಗಂಟ ಹಾಕ್ಕೊಂಡು, ಏನರ ಮಾಡ್ಕೋ ಹೋಗು ಅಂತ, ತಮ್ಮ ಫೋನಿಗೆ ಬಂದ ಒಟಿಪಿ ಹೇಳಿದ್ರು. ಒಂದು ಸಲದ ರೊಕ್ಕ ಹೊಳ್ಳಿ ಕಳಿಸಿ ಉತ್ತರಾ ಬರದೆ. ಎರಡೂ ಪಾವತಿ ನಮಗೆ ತಲುಪಿವೆ, ತಪ್ಪು ನಿಮ್ಮದಲ್ಲ. ಒಂದನ್ನು ಇವತ್ತೇ ವಾಪಸ್ ಮಾಡಿದ್ದೇವೆ, ಅದರ ನಂಬರ್ ಕೆಳಗಿದೆ, ನಿಮ್ಮ ಖಾತೆಗೆ ಸೇರಲು ಕೆಲವು ದಿನ ಬೇಕು. ಮಷಿನ್ ತಡವಾದದ್ದು ನಾವು ತಡೆದಿದ್ದರಿಂದ, ನಾಳೆ ಹೊರಡುತ್ತದೆ, ಕ್ಷಮಿಸಿ. ತಾಂತ್ರಿಕ ಕಾರಣ ಅನ್ನೂ ಸುಳ್ಳ ನಾ ಬರೀಲಿಲ್ಲ.

ಸಂಜಿಮುಂದ ಆಕಿ ಉತ್ತರಾ ಬಂತು. ಖರೇ ಹೇಳಿದ್ದಕ್ಕ ಉಪಕಾರ ಆತ್ರೀ, ಆದ್ರ ಮಷಿನ್ ಕಳಸಬ್ಯಾಡ್ರಿ. ಅರಿವಿ ನಿನ್ನೆ ಬ್ಯಾರೇದವರಿಗೆ ಕೊಟ್ಟಬಿಟ್ರು. ಉಳದ ರೊಕ್ಕಾನೂ ಹೊಳ್ಳಿ ಹಾಕ್ರಿ.

ಸಾವಕಾರರ ಮುಂದ ನಿಂತು ಓದಿ ಹೇಳಿದೆ. ಇನ್ನರ ನಾಚತಾರೇನೋ ಅನಕೊಂಡಿದ್ದೆ.

"ನೋಡಿದೇನು?" ಅಂದ್ರು. "ಶುಕ್ರವಾರ ರೊಕ್ಕಕ್ಕ ಒಮ್ಮಿ ಬಾಗಲಾ ತಗದಿ, ಎರಡೂ ಹ್ವಾದವು."