ಕೈಕೆಳಗೆ ಎಷ್ಟು ಜನ?

ನಮ್ಮ ಕಡೆ ಒಬ್ಬ ಗಂಡಸಿನ ಬೆಲೆ ಕೇಳುವುದು ಹೀಗೆ: "ಕೈಕೆಳಗೆ ಎಷ್ಟು ಜನ ಉಂಟು?" ನನ್ನನ್ನು ನೋಡಲು ಬಂದಾಗಲೂ ನನ್ನ ಅಪ್ಪ ಅದನ್ನೇ ಕೇಳಿದ್ದು. ಆಗ ಭೋಜ, ಅಂದರೆ ನಮ್ಮವರು, ಬೋಟಿನಲ್ಲಿ ಬಲೆ ಎಳೆಯುವ ಹುಡುಗ. "ಈಗ ಯಾರೂ ಇಲ್ಲ, ಮುಂದೆ ಇರ್ತಾರೆ" ಅಂದರಂತೆ. ಮಾತು ಉಳಿಸಿಕೊಂಡರು. ಮಲ್ಪೆಯ, ಸುತ್ತುಬಲೆ ಹಾಕುವ ದೊಡ್ಡ ಪರ್ಸೀನ್ ಬೋಟಿಗೆ ತಾಂಡೇಲರಾದರು. ಮೀನಿನ ಗುಂಪು ಎಲ್ಲಿ ಎಂದು ನೋಡುವುದು, ಬಲೆ ಯಾವಾಗ ಬಿಡಬೇಕು ಎಂದು ಹೇಳುವುದು, ಎಲ್ಲ ತಾಂಡೇಲರದ್ದೇ. ಕೈಕೆಳಗೆ ಮೂವತ್ತು ಜನ. ಕಾಪು ಪೇಟೆಯಲ್ಲಿ ನಾನು ಮೀನು ಮಾರುವಾಗ "ತಾಂಡೇಲರ ಹೆಂಡತಿ" ಅಂತ ಜನ ಒಂದು ರೂಪಾಯಿ ಚೌಕಾಸಿ ಕಡಿಮೆ ಮಾಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ಕೊಬ್ಬು ಇತ್ತು.

ಈ ಮೂವತ್ತೇ ನಮ್ಮ ಮನೆಗೆ ಮುಳುವಾಯಿತು.

ಬೋಟಿನ ಧನಿಗಳು ತೀರಿಹೋದ ಮೇಲೆ ಮಗ ಯಶ್ವಂತ್ ಕಂಪೆನಿ ನೋಡಿಕೊಳ್ಳಲು ಬಂದ. ಮ್ಯಾನೇಜ್‌ಮೆಂಟ್ ಓದಿದವ. ಕೆಟ್ಟವನಲ್ಲ, ಮನೆಗೆ ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಚಹಾ ಕುಡಿದು, "ಸುಗಂಧಿಯಕ್ಕ, ಸಕ್ಕರೆ ಸರಿ ಉಂಟು" ಅನ್ನುವ ಹುಡುಗ. ಅವನಿಗೆ ಒಂದು ಹುಚ್ಚು. ಕಂಪೆನಿಯಲ್ಲಿ ಮೇಲೆ ಕೆಳಗೆ ಅಂತ ಇಷ್ಟೊಂದು ಮೆಟ್ಟಿಲು ಯಾಕೆ? ಐಸ್ ಪ್ಲಾಂಟಿಗೆ ಒಬ್ಬ ಮೇಸ್ತ್ರಿ, ಲಾರಿಗಳಿಗೆ ಒಬ್ಬ, ಬೋಟಿನಿಂದ ಮೀನು ಇಳಿಸುವ ದಕ್ಕೆಯ ಕೆಲಸಕ್ಕೆ ಒಬ್ಬ, ಅವರ ಮೇಲೆ ಮ್ಯಾನೇಜರ್. ಮಧ್ಯದ ಮೂರು ಸಂಬಳ ದಂಡ. ಎಲ್ಲರೂ ಒಬ್ಬನಿಗೇ ನೇರವಾಗಿ ವರದಿ ಮಾಡಲಿ.

"ಆ ಒಬ್ಬ ನೀವೇ ಆಗಬೇಕು ಭೋಜಣ್ಣ" ಅಂದ. "ಸಮುದ್ರದಲ್ಲಿ, ಅಲೆಯ ಮೇಲೆ, ಮೂವತ್ತು ಜನರನ್ನು ನಡೆಸಿದವರು ನೀವು. ದಡದಲ್ಲಿ ಇರುವುದು ಬರೀ ಹದಿನಾರು. ಅರ್ಧ! ಕುರ್ಚಿ ಉಂಟು, ಫ್ಯಾನ್ ಉಂಟು."

ನಮ್ಮವರಿಗೆ ಅರುವತ್ತು ಹತ್ತಿರ ಬಂದಿತ್ತು, ಸೊಂಟ ನೋವು. ಮ್ಯಾನೇಜರ್ ಅಂದ ಕೂಡಲೇ ನಾನೂ ಹಲ್ಲು ಕಿರಿದೆ. ಹದಿನಾರು ಮೂವತ್ತಕ್ಕಿಂತ ಸಣ್ಣದು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು ಅಲ್ವಾ? ಒಪ್ಪಿದರು. ಐಸ್ ಪ್ಲಾಂಟಿನ ಮೇಸ್ತ್ರಿ ಚೆನ್ನಪ್ಪಣ್ಣನಿಗೆ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ಉಳಿದ ಇಬ್ಬರಿಗೆ ಹಾರವೂ ಇಲ್ಲ.

ಆ ಹದಿನಾರರಲ್ಲಿ ಹತ್ತು ಜನ ಬಲೆ ರಿಪೇರಿಯವರು. ಒಂದೇ ಶೆಡ್ಡು, ಒಂದೇ ಕೆಲಸ, ಎಲ್ಲ ಕೈಪಳಗಿದವರು. ಬೆಳಿಗ್ಗೆ ಒಮ್ಮೆ ಇಣುಕಿ ನೋಡಿ ಹರಿದ ಬಲೆ ತೋರಿಸಿದರೆ ಸಂಜೆಯವರೆಗೆ ಆ ಕಡೆ ತಲೆ ಹಾಕಬೇಕಾಗಿಲ್ಲ. "ಇಂಥವರು ಇನ್ನೂ ಇಪ್ಪತ್ತು ಜನ ಬರಲಿ, ನನಗೆಂತ?" ಅನ್ನುತ್ತಿದ್ದರು ನಮ್ಮವರು. ಜೀವ ತಿಂದದ್ದು ಉಳಿದ ಆರು. ಐಸ್ ಪ್ಲಾಂಟಿನ ಆಲ್ವಿನ್, ಲಾರಿಯವ, ಮೆಕ್ಯಾನಿಕ್ಕು, ಮೀನಿನ ಹರಾಜು ಅಂದರೆ ಏಲಂ ನೋಡುವವ, ಡೀಸೆಲ್ ಬಂಕಿನವ, ಲೆಕ್ಕದ ಹುಡುಗಿ ಝೀಟಾ. ಒಬ್ಬೊಬ್ಬರದ್ದು ಒಂದೊಂದು ಲೋಕ. ಒಬ್ಬನಿಗೆ ಹೇಳಿದ ಉತ್ತರ ಇನ್ನೊಬ್ಬನಿಗೆ ಆಗುವುದಿಲ್ಲ. ಅದೂ ಸಾಲದೆ ಆರೂ ಜನರ ಬಾಲ ಒಂದಕ್ಕೊಂದು ಗಂಟು. ಲಾರಿ ತಡವಾದರೆ ಐಸ್ ಕರಗುತ್ತದೆ, ಐಸ್ ಕರಗಿದರೆ ಮೀನಿನ ರೇಟು ಇಳಿಯುತ್ತದೆ, ರೇಟು ಇಳಿದರೆ ಲೆಕ್ಕ ತಪ್ಪುತ್ತದೆ. ಒಂದು ಲಾರಿ ಕೆಟ್ಟರೆ ನಾಲ್ಕು ಜನ ಫೋನ್ ಮಾಡುತ್ತಾರೆ, ನಾಲ್ಕೂ ಜನ ಇನ್ನೊಬ್ಬನದ್ದೇ ತಪ್ಪು ಅನ್ನುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ಅನ್ನಕ್ಕೆ ಸಾರು ಕಲಸುವಾಗ ಫೋನ್. ಕಕ್ಕಸಿಗೆ ಹೋದರೆ ಫೋನ್. ದೇವರಿಗೆ ಕೈ ಮುಗಿದು ಕಣ್ಣು ಮುಚ್ಚಿದರೆ ಫೋನ್. "ಆ ದರಿದ್ರದ್ದನ್ನು ಬಾವಿಗೆ ಬಿಸಾಡಿ!" ಅಂತ ನಾನು ಕಿರುಚಿದೆ ಒಂದು ದಿನ. ಅವರು ಬಟ್ಟಲಿನಲ್ಲೇ ಕೈ ಇಟ್ಟುಕೊಂಡು ಕೂತರು.

"ಸುಗಂಧೀ, ನನಗೊಂದು ಹೊಳೆಯಿತು. ನಾನು ಮೂವತ್ತು ಜನರನ್ನು ಯಾವತ್ತೂ ನೋಡಲೇ ಇಲ್ಲ ಮಾರಾಯ್ತಿ."

"ಎಂತ? ತಲೆ ಸರಿ ಉಂಟಾ?"

"ಬೋಟಿನಲ್ಲಿ ನಾನು ಮಾತಾಡುತ್ತಿದ್ದದ್ದು ನಾಲ್ಕೇ ಜನರ ಹತ್ತಿರ. ಎಂಜಿನ್‌ನವ, ಸಣ್ಣ ದೋಣಿಯವ, ಬಲೆ ತೇಲಿಸುವ ಬೆಂಡಿನ ಬದಿಯ ಹಿರಿಯ, ಮುಳುಗಿಸುವ ಸೀಸದ ಬದಿಯ ಹಿರಿಯ. ಉಳಿದವರನ್ನು ಅವರೇ ನೋಡುತ್ತಿದ್ದರು. ಮತ್ತೆ ಎಲ್ಲರೂ ಎಳೆಯುವುದು ಒಂದೇ ಬಲೆ, ಎಲ್ಲರೂ ನನ್ನ ಕಣ್ಣೆದುರೇ. ಯಶ್ವಂತ್ ತಲೆ ಎಣಿಸಿದ. ನಾನೂ ಅದನ್ನೇ ಎಣಿಸಿದೆ."

ಮದುವೆಯಾದ ಮೇಲೆ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಹಾಗಾದರೆ ಹೋಗಿ ಹೇಳಿ" ಅಂದೆ. ಮರುದಿನ ಹೋದರು. ಚೆನ್ನಪ್ಪಣ್ಣನನ್ನು ಐಸ್ ಪ್ಲಾಂಟಿಗೆ ತಿರುಗಿ ಕರೆಯಿರಿ, ಲಾರಿಗೂ ದಕ್ಕೆಗೂ ಮೊದಲಿನ ಹಾಗೆ ಒಬ್ಬೊಬ್ಬರು ಇರಲಿ, ನಾನು ಆ ಮೂವರನ್ನು ನೋಡುತ್ತೇನೆ, ಬಲೆಯವರು ಹತ್ತೂ ಜನ ನನಗೇ ಇರಲಿ ಅಂತ ಕೇಳಿದರು. ಎಷ್ಟು ನ್ಯಾಯದ ಮಾತು ನೋಡಿ!

ಯಶ್ವಂತ್ ನಕ್ಕನಂತೆ. "ಎಂತ ಭೋಜಣ್ಣ, ಮೂವತ್ತು ಜನರ ತಾಂಡೇಲರಿಗೆ ಹದಿನಾರು ಜನ ಭಾರ ಆದರಾ?"

ಅಷ್ಟೇ. ಎದ್ದು ಬಂದರು. "ನಾಲ್ಕೇ ಜನ ಇದ್ದದ್ದು ಅಂತ ಹೇಳಲಿಲ್ಲವಾ?" ಅಂತ ಕೇಳಿದೆ. ಹೇಳಲಿಲ್ಲ. ಇಡೀ ಮಲ್ಪೆ ಮೂವತ್ತು ಅಂದುಕೊಂಡದ್ದನ್ನು ತಾವೇ ನಾಲ್ಕು ಅನ್ನಲು ನಾಲಗೆ ಏಳಲಿಲ್ಲ ಅವರಿಗೆ. ಗಂಡಸರ ಮರ್ಯಾದೆಗೆ ಬೆಂಕಿ ಬೀಳಲಿ. ನಾನಾದರೂ ಹೋಗಿ ಹೇಳಬಹುದಿತ್ತು, ತಾಂಡೇಲರ ಹೆಂಡತಿ ಅನ್ನಿಸಿಕೊಂಡವಳು ನಾನೂ ಹೋಗಲಿಲ್ಲ.

ಆ ಆಲ್ವಿನ್ ಬಗ್ಗೆ ಹೇಳಬೇಕು. ನಮ್ಮವರ ಬೋಟಿನಲ್ಲಿ ಎಂಜಿನ್ ನೋಡುತ್ತಿದ್ದವ ಅವನೇ. ನಾಲ್ಕು ಜನರಲ್ಲಿ ಒಬ್ಬ. ಮೊಣಕಾಲು ಹೋದ ಮೇಲೆ ಐಸ್ ಪ್ಲಾಂಟಿಗೆ ಸೇರಿದ. ಇಗರ್ಜಿಯ ಹಬ್ಬ ಸಾಂತ್‌ಮಾರಿಗೂ ಕ್ರಿಸ್ಮಸ್ಸಿಗೂ ಅವನ ಹೆಂಡತಿ ಗ್ಲ್ಯಾಡಿಸ್ ನಮಗೆ ಇಡ್ಲಿಯ ಹಾಗಿನ ಸಾನ್ನ ಕಳಿಸುತ್ತಿದ್ದಳು. ಐಸ್ ಮಾಡುವ ಯಂತ್ರದಲ್ಲಿ ಅಮೋನಿಯಾ ಗ್ಯಾಸ್ ಇರುತ್ತದೆ, ಅದು ಸೋರಿದರೆ ಕಣ್ಣು, ಶ್ವಾಸಕೋಶ ಎರಡನ್ನೂ ಸುಡುತ್ತದೆ. ಮೊದಲೆಲ್ಲ ಸ್ವಲ್ಪ ವಾಸನೆ ಬಂದರೆ ಚೆನ್ನಪ್ಪಣ್ಣ ಯಾರನ್ನೂ ಕೇಳದೆ ಪ್ಲಾಂಟ್ ನಿಲ್ಲಿಸಿ ಎಲ್ಲರನ್ನೂ ಹೊರಗೆ ಓಡಿಸುತ್ತಿದ್ದ. ಅವನು ಹೋದ ಮೇಲೆ ಹೊಸ ನಿಯಮ: ಬೋಟುಗಳು ಐಸಿಗೆ ಕಾಯುತ್ತವೆ, ಮ್ಯಾನೇಜರ್ ಹೇಳದೆ ಪ್ಲಾಂಟ್ ನಿಲ್ಲಿಸುವಂತಿಲ್ಲ.

ಅಂಬಲಪಾಡಿಯ ಹಾಲ್‌ನಲ್ಲಿ ನನ್ನ ತಮ್ಮನ ಮಗಳು ತೃಷಾಳ ಮದುವೆ. ಊಟಕ್ಕೆ ಕೂತಿದ್ದೆವು. ಬಡಿಸುವ ಹುಡುಗರು ಸಾಲುಸಾಲಾಗಿ ಓಡಾಡುತ್ತಿದ್ದರು, ಅಷ್ಟೂ ಜನರನ್ನು ನನ್ನ ಸೋದರಮಾವ ಒಬ್ಬರೇ ಮೂಲೆಯಲ್ಲಿ ನಿಂತು "ಆ ಪಂಕ್ತಿಗೆ ಅನ್ನ!" ಅಂತ ನಡೆಸುತ್ತಿದ್ದರು. ಒಳಗೆ ಅಡಿಗೆಯ ಭಟ್ರು ಮಾತ್ರ ನಾಲ್ಕೇ ಒಲೆ ನೋಡಿಕೊಂಡು ಬೆವರು ಸುರಿಸುತ್ತಿದ್ದರು. "ನೋಡಿ, ಇದೇ ಅಲ್ವಾ ನೀವು ಹೇಳಿದ್ದು?" ಅಂದೆ. "ಇದೇ. ಯಶ್ವಂತ್‌ನನ್ನು ಇಲ್ಲಿಗೆ ಕರಕೊಂಡು ಬಂದು ತೋರಿಸಬೇಕಿತ್ತು" ಅಂತ ನಕ್ಕರು. ಅವರು ಕಡೆಯ ಸಲ ಬಾಯಿ ತುಂಬ ನಕ್ಕದ್ದು ಅದು.

ಫೋನ್ ಬಂತು. ಲಾರಿಯವ, ಶಿರೂರಿನ ಹತ್ತಿರ ಟಯರ್ ಒಡೆದಿದೆ. ಅದು ಮುಗಿಯುವ ಮೊದಲೇ ಏಲಂನವ, ರೇಟು ಬೀಳ್ತಾ ಉಂಟು, ಕೊಡಲಾ ಬೇಡವಾ. ಅದರ ನಡುವೆ ಆಲ್ವಿನ್. ಪಕ್ಕದಲ್ಲಿ ಕೂತ ನನಗೂ ಕೇಳಿಸಿತು. "ಭೋಜಣ್ಣ, ವಾಸನೆ ಬರ್ತಾ ಉಂಟು. ವಾಲ್ವಿನ ಹತ್ತಿರ. ಪ್ಲಾಂಟ್ ನಿಲ್ಲಿಸಲಾ?" ಅಷ್ಟರಲ್ಲಿ ಲಾರಿಯವ ಮತ್ತೆ ಕೂಗುತ್ತಿದ್ದ.

"ಸ್ವಲ್ಪ ನಿಲ್ಲು ಆಲ್ವಿನ್, ನಾನೇ ಫೋನ್ ಮಾಡ್ತೇನೆ."

ಲಾರಿಗೆ ಬೇರೆ ಟಯರ್ ಹೇಳಿದರು. ಏಲಂನವನಿಗೆ ಕೊಟ್ಟುಬಿಡು ಅಂದರು. ಝೀಟಾ ಯಾವುದೋ ಬಿಲ್ಲು ಕೇಳಿದಳು. ಪಾಯಸ ಬಂತು. ಎಲೆಯಲ್ಲಿ ಪಾಯಸ ಹರಿದು ಅನ್ನಕ್ಕೆ ಸೇರಿತು, "ತಿನ್ನಿ" ಅಂದೆ ನಾನು. ಆಲ್ವಿನ್‌ಗೆ ಫೋನ್ ಮಾಡಬೇಕೆಂದು ಅವರು ನಂಬರ್ ಹುಡುಕುವಾಗ ಬೇರೆ ಯಾರದ್ದೋ ಫೋನ್ ಬಂತು, ವಾಲ್ವ್ ಕಿತ್ತುಹೋಗಿದೆ, ಆಲ್ವಿನ್‌ನನ್ನು ಎತ್ತಿಕೊಂಡು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದಾರೆ ಅಂತ. ತೊಳೆಯದ ಕೈಯಲ್ಲೇ ಎದ್ದು ಓಡಿದರು.

ಜೀವ ಉಳಿಯಿತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬರೀ ನೆರಳು.

ಕಂಪೆನಿಯಲ್ಲಿ ವಿಚಾರಣೆ ಅಂತ ಒಂದು ಆಯಿತು. ಯಶ್ವಂತ್ ಹೇಳಿದ್ದು ಇಷ್ಟೇ: "ಫೋನ್ ಎತ್ತಿದ್ದಾರೆ ಅಲ್ವಾ? ನಿಲ್ಲಿಸು ಅಂತ ಒಂದು ಮಾತು ಹೇಳಬಹುದಿತ್ತು." ಸರಿ, ಹೇಳಬಹುದಿತ್ತು. ನಾನು ಅಲ್ಲಗಳೆಯುವುದಿಲ್ಲ, ನಮ್ಮವರೂ ಅಲ್ಲಗಳೆಯಲಿಲ್ಲ. ಆದರೆ ಚೆನ್ನಪ್ಪಣ್ಣ ಇದ್ದಿದ್ದರೆ ಆ ಫೋನ್ ಬರಲೇ ಬೇಕಾಗಿರಲಿಲ್ಲ ಅಂತ ಒಬ್ಬನಾದರೂ ಬಾಯಿ ಬಿಟ್ಟನಾ? ಇಲ್ಲ. "ವಯಸ್ಸಾಯ್ತು, ಆಗುವುದಿಲ್ಲ" ಅಂತ ದಕ್ಕೆಯೆಲ್ಲ ಮಾತಾಡಿಕೊಂಡಿತು.

ನಮ್ಮವರನ್ನು ಬಲೆ ಶೆಡ್ಡಿಗೆ ಹಾಕಿದರು. ಮೇಸ್ತ್ರಿಯಾಗಿ ಅಲ್ಲ, ಹನ್ನೊಂದನೆಯವರಾಗಿ. ಕಾರ್ಕಳದಿಂದ ಹೊಸ ಮ್ಯಾನೇಜರ್ ಬಂದ. ಅವನ ಕೈಕೆಳಗೆ ಎಷ್ಟು ಜನ ಕೊಟ್ಟರು ಗೊತ್ತುಂಟಾ? ಐಸಿಗೆ ಒಬ್ಬ, ಲಾರಿಗೆ ಒಬ್ಬ, ದಕ್ಕೆಗೆ ಒಬ್ಬ, ಮತ್ತೆ ಬಲೆಯವರು. ನಮ್ಮವರು ಕೇಳಿದ್ದು ಅಕ್ಷರ ತಪ್ಪದೆ ಹಾಗೆಯೇ! ಚೆನ್ನಪ್ಪಣ್ಣನನ್ನೂ ಮನೆಯಿಂದ ಕರಕೊಂಡು ಬಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಕೇಳಿ ನನ್ನ ಮೈಯೆಲ್ಲ ಉರಿಯಿತು. ಇವರು ಮಾತ್ರ ಬಲೆಯ ಕಣ್ಣಿಗೆ ದಾರ ಹಾಕುತ್ತಾ "ಈಗ ಸರಿ ಮಾಡಿದ, ಬಿಡು" ಅಂದರು.

ಆಲ್ವಿನ್ ಮನೆಗೆ ಹೋಗಲು ಇವರಿಗೆ ಧೈರ್ಯ ಇರಲಿಲ್ಲ. ನಾನೇ ಕೈ ಹಿಡಿದು ಎಳೆದುಕೊಂಡು ಹೋದೆ. ಗ್ಲ್ಯಾಡಿಸ್ ಬಾಗಿಲು ತೆರೆದು ಮುಖ ತಿರುಗಿಸಿ ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಕಪ್ಪು ಕನ್ನಡಕ ಹಾಕಿ ಕೂತಿದ್ದ ಆಲ್ವಿನ್ ಹೆಜ್ಜೆಯ ಸದ್ದಿಗೇ "ಭೋಜಣ್ಣನಾ?" ಅಂದ.

ಇವರು ಅವನ ಕಾಲ ಹತ್ತಿರ ಕೂತುಬಿಟ್ಟರು. "ವಾಸನೆ ಅಷ್ಟು ಜೋರಾಗುವಾಗ ಓಡಿಹೋಗಬಾರದಿತ್ತಾ ಆಲ್ವಿನ್? ನಿಯಮ ಗಿಯಮ ಹಾಳಾಗಿ ಹೋಗಲಿ, ಯಾಕೆ ಅಲ್ಲೇ ಇದ್ದಿ?"

ಆಲ್ವಿನ್‌ಗೆ ಆ ಪ್ರಶ್ನೆಯೇ ಅರ್ಥ ಆಗಲಿಲ್ಲ.

"ನೀವು ನಿಲ್ಲು ಅಂದ್ರಿ ಅಲ್ವಾ ಭೋಜಣ್ಣ. ನಿಂತೆ."